ತಾಯಿ ಹುಡುಕಿದ್ದು, ಗುರಾಣಿಯಲ್ಲಿ ಕಂಡದ್ದು

ಡಬ್ಲ್ಯೂ. ಎಚ್. ಆಡನ್ 1952ರಲ್ಲಿ ಪ್ರಕಟಿಸಿದ ‘ದಿ ಶೀಲ್ಡ್ ಆಫ್ ಅಕಿಲೀಸ್’ ಅರವತ್ತೇಳು ಸಾಲುಗಳ ಕವಿತೆ. ಅದರ ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಯುದ್ಧಕ್ಕೆ ಹೊರಟ ಮಗನಿಗಾಗಿ ದೇವತೆಗಳ ಕಮ್ಮಾರನೊಬ್ಬ ಗುರಾಣಿ ಮಾಡುತ್ತಿದ್ದಾನೆ. ತಾಯಿ ಅವನ ಹೆಗಲ ಮೇಲಿಂದ ಬಗ್ಗಿ, ಲೋಹದ ಮೇಲೆ ಯಾವ ಚಿತ್ರಗಳು ಮೂಡುತ್ತಿವೆ ಎಂದು ನೋಡುತ್ತಾಳೆ. ಮೂರು ಸಲ ನೋಡುತ್ತಾಳೆ. ಮೂರು ಸಲವೂ ಅವಳು ಹುಡುಕಿದ್ದು ಒಂದು, ಅಲ್ಲಿ ಕಂಡದ್ದು ಇನ್ನೊಂದು.

ಈ ತಾಯಿ ಯಾರು, ಕಮ್ಮಾರ ಯಾರು, ಗುರಾಣಿ ಯಾರದು ಎಂಬುದು ತಿಳಿಯದಿದ್ದರೂ ಕವಿತೆಯನ್ನು ಓದಬಹುದು. ತಿಳಿದು ಓದಿದರೆ ಅದು ಬೇರೆಯೇ ಕವಿತೆಯಾಗುತ್ತದೆ. ಹಳೆಯ ಕಾವ್ಯದ ನೆನಪನ್ನು ಹೊಸ ಕವಿತೆಯೊಳಗೆ ಇಟ್ಟಾಗ ಆಗುವ ಈ ವ್ಯತ್ಯಾಸ ಏನು, ಅದು ಎಲ್ಲಿಂದ ಬರುತ್ತದೆ ಎಂಬುದನ್ನು ಇದೊಂದೇ ಉದಾಹರಣೆಯನ್ನು ಹಿಡಿದು ನೋಡೋಣ.

ಮೊದಲು ಮೂಲಕ್ಕೆ ಹೋಗಬೇಕು. ಗ್ರೀಕ್ ಮಹಾಕವಿ ಹೋಮರನ ‘ಇಲಿಯಡ್’ ಕಾವ್ಯದಲ್ಲಿ ಒಟ್ಟು 24 ಸರ್ಗಗಳಿವೆ. ನಮಗೆ ಬೇಕಾದದ್ದು ಹದಿನೆಂಟನೆಯದು. ಟ್ರಾಯ್ ನಗರದ ಮುತ್ತಿಗೆ ನಡೆಯುತ್ತಿದೆ. ಗ್ರೀಕರ ಕಡೆಯ ಮಹಾವೀರ ಅಕಿಲೀಸ್ ತನ್ನ ದೊರೆಯ ಮೇಲೆ ಮುನಿದು ಯುದ್ಧ ಬಿಟ್ಟು ಕೂತಿದ್ದಾನೆ. ಅವನ ಪ್ರಾಣಸ್ನೇಹಿತ ಪೆಟ್ರೋಕ್ಲಸ್ ಅವನದೇ ಕವಚ ತೊಟ್ಟು ರಣಕ್ಕೆ ಹೋಗಿ, ಟ್ರಾಯ್‌ನ ರಾಜಕುಮಾರ ಹೆಕ್ಟರನ ಕೈಯಲ್ಲಿ ಸಾಯುತ್ತಾನೆ. ಕವಚವೂ ಹೆಕ್ಟರನ ಪಾಲಾಗುತ್ತದೆ. ಸೇಡಿಗಾಗಿ ಎದ್ದ ಅಕಿಲೀಸನಿಗೆ ಈಗ ತೊಡಲು ಕವಚವಿಲ್ಲ.

ಅಕಿಲೀಸನ ತಾಯಿ ಥೆಟಿಸ್ ಸಮುದ್ರದ ದೇವತೆ. ಗಂಗೆ ಭೀಷ್ಮನನ್ನು ಹೆತ್ತಂತೆ ಇವಳೂ ಮನುಷ್ಯನನ್ನು ಮದುವೆಯಾಗಿ ಮಗನನ್ನು ಪಡೆದವಳು. ಆದರೆ ಇವಳ ಮಗನಿಗೆ ಇಚ್ಛಾಮರಣದ ವರವಿಲ್ಲ. ಹೆಕ್ಟರ್ ಸತ್ತ ಸ್ವಲ್ಪ ಕಾಲಕ್ಕೇ ಅವನೂ ಸಾಯಬೇಕೆಂಬುದು ವಿಧಿ. ಅದು ತಾಯಿಗೂ ಗೊತ್ತು, ಮಗನಿಗೂ ಗೊತ್ತು. ಗೊತ್ತಿದ್ದೇ ಅವಳು ಕುಂಟ ಕಮ್ಮಾರ ದೇವತೆ ಹೆಫೈಸ್ಟಸನ ಮನೆಗೆ ಹೋಗಿ ಆಯುಧ ಬೇಡುತ್ತಾಳೆ. ಹೋಮರನ ಹೆಫೈಸ್ಟಸ್ ಅಂತಃಕರಣ ಉಳ್ಳವನು. ಹಿಂದೆ ತನ್ನನ್ನು ಕಾಪಾಡಿದ್ದವಳು ಎಂಬ ಕೃತಜ್ಞತೆ ಅವನಿಗಿದೆ. ಕವಚವನ್ನೇನೋ ಮಾಡಿಕೊಡಬಲ್ಲೆ, ನಿನ್ನ ಮಗನನ್ನು ಸಾವಿನ ಕಣ್ಣಿಗೆ ಬೀಳದಂತೆ ಬಚ್ಚಿಡುವ ಶಕ್ತಿಯೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಅರ್ಥದ ಮಾತನ್ನಾಡಿ ಕುಲುಮೆಯ ಕಡೆ ನಡೆಯುತ್ತಾನೆ.

ಆಮೇಲೆ ಹೋಮರ್ ಯುದ್ಧದ ಕಥೆಯನ್ನು ನಿಲ್ಲಿಸಿ, ನೂರಕ್ಕೂ ಹೆಚ್ಚು ಸಾಲುಗಳಲ್ಲಿ ಗುರಾಣಿಯೊಂದನ್ನೇ ವರ್ಣಿಸುತ್ತಾನೆ. ನೆಲ, ಮುಗಿಲು, ಕಡಲು, ಸೂರ್ಯ, ಚಂದ್ರ, ನಕ್ಷತ್ರಗಳು. ಎರಡು ಊರುಗಳು. ಒಂದು ಊರಿನಲ್ಲಿ ಮದುವೆಯ ಮೆರವಣಿಗೆ, ಜೊತೆಗೆ ಒಂದು ನ್ಯಾಯ ಪಂಚಾಯಿತಿ. ಇನ್ನೊಂದು ಊರಿಗೆ ಶತ್ರುಗಳ ಮುತ್ತಿಗೆ. ಉಳುವ ಹೊಲ, ಕೊಯ್ಲು, ದ್ರಾಕ್ಷಿ ತೋಟ, ಸಿಂಹಗಳು ಎರಗಿದ ದನದ ಮಂದೆ, ಕುರಿಗಳ ಹುಲ್ಲುಗಾವಲು, ಹುಡುಗ ಹುಡುಗಿಯರ ಕುಣಿತ. ಅಂಚಿನ ಸುತ್ತ ಸಾಗರ. ಕೊಲ್ಲಲು ಹೊರಟವನ ಕೈಯಲ್ಲಿ ಇಡೀ ಬದುಕನ್ನೇ ಕೊರೆದು ಕೊಡುತ್ತಾನೆ ಕಮ್ಮಾರ.

ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಹೋಮರನಲ್ಲಿ ಥೆಟಿಸ್ ಹೆಗಲ ಮೇಲಿಂದ ನೋಡುವುದೇ ಇಲ್ಲ. ಆಯುಧಗಳು ಸಿದ್ಧವಾದ ಮೇಲೆ ಅವುಗಳನ್ನು ಹೊತ್ತು, ಗಿಡುಗದ ಹಾಗೆ ಒಲಿಂಪಸ್ ಬೆಟ್ಟದಿಂದ ಹಾರುತ್ತಾಳೆ, ಅಷ್ಟೆ. ಅವುಗಳನ್ನು ಮಗನ ಮುಂದಿಟ್ಟಾಗ ಅವನ ಸೈನಿಕರು ನಡುಗಿ ಮುಖ ತಿರುಗಿಸುತ್ತಾರೆ. ಅಂದರೆ ಆಡನ್ ಮೂಲದಲ್ಲಿಲ್ಲದ ನೋಟವೊಂದನ್ನು ತಾಯಿಗೆ ಕೊಟ್ಟಿದ್ದಾನೆ. ಅವನ ಕವಿತೆ ನಿಂತಿರುವುದೇ ಆ ನೋಟದ ಮೇಲೆ.

ಈಗ ಆಡನ್ನನ ಗುರಾಣಿ. ಒಂಬತ್ತು ಪದ್ಯಗಳಲ್ಲಿ ನಾಲ್ಕು ಗಿಡ್ಡ ಸಾಲುಗಳವು. ಅವು ಥೆಟಿಸ್ ಮತ್ತು ಕಮ್ಮಾರನ ಪಾಲು. ಉಳಿದ ಐದು ಉದ್ದ ಸಾಲುಗಳವು. ಅವು ಗುರಾಣಿಯ ಮೇಲಿನ ಚಿತ್ರಗಳು. ಮೊದಲ ನೋಟದಲ್ಲಿ ಥೆಟಿಸ್ ದ್ರಾಕ್ಷಿ ಬಳ್ಳಿ, ಆಲಿವ್ ಮರ, ಸುಸಂಸ್ಕೃತ ಅಮೃತಶಿಲೆಯ ನಗರ, ಹಡಗುಗಳನ್ನು ಹುಡುಕುತ್ತಾಳೆ. ಅಲ್ಲಿರುವುದು ಹುಲ್ಲುಕಡ್ಡಿಯೂ ಇಲ್ಲದ ಬಯಲು. ಆ ಬಯಲಲ್ಲಿ ಲಕ್ಷಾಂತರ ಜನ ಬೂಟು ತೊಟ್ಟು, ಮುಖದಲ್ಲಿ ಯಾವ ಭಾವವೂ ಇಲ್ಲದೆ, ಸಾಲಾಗಿ ನಿಂತಿದ್ದಾರೆ. ಮುಖವಿಲ್ಲದ ಧ್ವನಿಯೊಂದು ಅಂಕಿಅಂಶಗಳ ಮೂಲಕ ಯಾವುದೋ ಕಾರಣ ನ್ಯಾಯವೆಂದು ಸಾಬೀತು ಮಾಡುತ್ತದೆ. ಯಾರೂ ಜೈಕಾರ ಹಾಕುವುದಿಲ್ಲ, ಯಾರೂ ಚರ್ಚಿಸುವುದಿಲ್ಲ, ಧೂಳೆಬ್ಬಿಸಿ ನಡೆದುಹೋಗುತ್ತಾರೆ.

ಎರಡನೆಯ ನೋಟದಲ್ಲಿ ಅವಳು ಹುಡುಕುವುದು ಹೂಮಾಲೆ ತೊಟ್ಟ ಬಿಳಿಯ ಕಡಸುಗಳು, ದೇವರಿಗೆ ಬಲಿ, ನೈವೇದ್ಯ. ಕಾಣುವುದು ಮುಳ್ಳುತಂತಿಯ ಆವರಣ. ಬೇಸರ ಹಿಡಿದ ಅಧಿಕಾರಿಗಳು, ಬೆವರುವ ಕಾವಲುಗಾರರು, ಹೊರಗೆ ಸುಮ್ಮನೆ ನಿಂತು ನೋಡುವ ಸಭ್ಯ ಜನ. ಮೂವರನ್ನು ಕರೆತಂದು ನೆಲದಲ್ಲಿ ನೆಟ್ಟ ಮೂರು ಕಂಬಗಳಿಗೆ ಕಟ್ಟುತ್ತಾರೆ. ಅವರಿಗೆ ಸಹಾಯ ಬರುವ ಆಸೆಯಿಲ್ಲ, ಬರುವುದೂ ಇಲ್ಲ. ದೇಹ ಸಾಯುವ ಮೊದಲೇ ಅವರೊಳಗಿನ ಮನುಷ್ಯ ಸಾಯುತ್ತಾನೆ.

ಮೂರನೆಯ ಸಲ ಅವಳು ಕ್ರೀಡಾಪಟುಗಳನ್ನು, ಕುಣಿಯುವ ಗಂಡಸರು ಹೆಂಗಸರನ್ನು ಹುಡುಕಿದರೆ, ಅಲ್ಲಿ ಕಳೆ ಬೆಳೆದ ಹೊಲ, ಚಿಂದಿ ಬಟ್ಟೆಯ ಒಬ್ಬ ಹುಡುಗ, ಅವನ ಕಲ್ಲೇಟು ತಪ್ಪಿಸಿಕೊಂಡು ಹಾರುವ ಹಕ್ಕಿ. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಲೋಕವೊಂದಿದೆ, ಒಬ್ಬರ ಅಳುವಿಗೆ ಇನ್ನೊಬ್ಬರು ಅಳುವ ಲೋಕವೊಂದಿದೆ ಎಂಬುದನ್ನು ಆ ಹುಡುಗ ಕೇಳಿಯೇ ಇಲ್ಲ.

ಪುರಾಣದ ನೆನಪು ಇಲ್ಲಿ ಮಾಡುವ ಮೊದಲ ಕೆಲಸ ತಿಳಿಯಬೇಕಾದರೆ ಒಂದು ಪ್ರಯೋಗ ಸಾಕು. ಥೆಟಿಸ್ ಬರುವ ನಾಲ್ಕು ಪದ್ಯಗಳನ್ನು ಕಾಗದದಿಂದ ಮುಚ್ಚಿ, ಉಳಿದ ಐದನ್ನು ಮಾತ್ರ ಓದಿ. ಎರಡನೆಯ ಮಹಾಯುದ್ಧದ ನಂತರದ ಯುರೋಪಿನ ಒಂದು ಒಳ್ಳೆಯ ವರದಿ ಸಿಗುತ್ತದೆ. ಆಡನ್ ಅಂಥ ವರದಿ ಬರೆಯಬಲ್ಲವನೇ. 1945ರಲ್ಲಿ ಅಮೆರಿಕದ ಬಾಂಬ್ ದಾಳಿ ಸಮೀಕ್ಷಾ ತಂಡದ ಜೊತೆ ಜರ್ಮನಿಗೆ ಹೋಗಿ, ಬಾಂಬ್ ಬಿದ್ದ ಊರುಗಳ ಜನರ ಮನಸ್ಥಿತಿಯ ಅಧ್ಯಯನದಲ್ಲಿ ಪಾಲ್ಗೊಂಡಿದ್ದವನು. ಆದರೆ ಬರಿಯ ವರದಿಯಲ್ಲಿ ಬೋಳು ಬಯಲು ಬೋಳು ಬಯಲೇ. ಅಲ್ಲಿ ಏನಿರಬೇಕಿತ್ತು ಎಂದು ಗೊತ್ತಿದ್ದವರ ಕಣ್ಣಿಗೆ ಮಾತ್ರ ಅದು ನಷ್ಟವಾಗಿ ಕಾಣುತ್ತದೆ. ಆ ಕಣ್ಣನ್ನು ಒದಗಿಸುವುದಕ್ಕೇ ಥೆಟಿಸ್ ಬಂದಿದ್ದಾಳೆ. ಇಲ್ಲದ್ದನ್ನು ತೋರಿಸಲು ಚಿತ್ರಕ್ಕೆ ಸಾಧ್ಯವಿಲ್ಲ. ಹಳೆಯ ಕಥೆಯ ನೆನಪಿಗೆ ಸಾಧ್ಯ.

ಇದನ್ನು ಒಂದು ಜಾಗದಲ್ಲಿ ಇನ್ನಷ್ಟು ಬಿಡಿಸಿ ನೋಡಬಹುದು. ಹೋಮರನ ಗುರಾಣಿಯ ನೆಮ್ಮದಿಯ ಊರಿನಲ್ಲಿ ಒಂದು ಕೊಲೆಯ ತಕರಾರಿದೆ. ಸತ್ತವನಿಗೆ ತೆರಬೇಕಾದ ಪರಿಹಾರದ ವಿಷಯದಲ್ಲಿ ಇಬ್ಬರು ವಾದಿಸುತ್ತಿದ್ದಾರೆ. ಹಿರಿಯರು ನಯಗೊಳಿಸಿದ ಕಲ್ಲುಗಳ ಮೇಲೆ ದುಂಡಾಗಿ ಕೂತಿದ್ದಾರೆ. ಸುತ್ತ ಸೇರಿದ ಜನ ಅವರವರಿಗೆ ಬೇಕಾದ ಪಕ್ಷ ಹಿಡಿದು ಕೂಗುತ್ತಿದ್ದಾರೆ. ಅವರನ್ನು ತಡೆಯುವುದೇ ಸಾರುವವರಿಗೆ ಕಷ್ಟವಾಗಿದೆ. ಆಡನ್ನನ ಮುಳ್ಳುತಂತಿಯ ದೃಶ್ಯವನ್ನು ಇದರ ಪಕ್ಕದಲ್ಲಿಡಿ. ಇಲ್ಲೂ ಜನ ಸೇರಿದ್ದಾರೆ, ಇಲ್ಲೂ ಸಾವಿನ ವಿಷಯ, ಇಲ್ಲೂ ಅಧಿಕಾರದಲ್ಲಿರುವವರಿದ್ದಾರೆ. ಆದರೆ ವಾದವಿಲ್ಲ, ಪಕ್ಷವಿಲ್ಲ, ಕೂಗಿಲ್ಲ. ಎರಡು ಗುರಾಣಿಗಳ ನಡುವಿನ ವ್ಯತ್ಯಾಸ ಹಿಂಸೆ ಇದೆಯೋ ಇಲ್ಲವೋ ಎಂಬುದಲ್ಲ. ಹೋಮರನಲ್ಲೂ ಹಿಂಸೆ ಧಾರಾಳವಾಗಿದೆ. ಮುತ್ತಿಗೆಯ ಊರಿನ ಹೊರಗೆ ಕೊಳಲೂದುತ್ತ ಬಂದ ಇಬ್ಬರು ದನಗಾಹಿಗಳನ್ನು ಹೊಂಚು ಹಾಕಿ ಕೊಲ್ಲುತ್ತಾರೆ. ವ್ಯತ್ಯಾಸವಿರುವುದು ನೋಡುವ ಜನರಲ್ಲಿ. ಹಳೆಯ ಗುರಾಣಿಯಲ್ಲಿ ಸಾವು ಊರಿನ ತಕರಾರು. ಹೊಸದರಲ್ಲಿ ಅದು ಆಡಳಿತದ ಕೆಲಸ.

ಇಲ್ಲಿಯವರೆಗೆ ನೋಡಿದ್ದು ಕವಿ ಹೆಸರು ಹೇಳಿ ತಂದ ಸೂಚನೆ. ಹೆಸರಿಲ್ಲದೆ ಬಂದವೂ ಇವೆ. ಅವುಗಳನ್ನು ಹಿಡಿಯುವಾಗ ಎಚ್ಚರ ಬೇಕು. ಮೂರು ಕಂಬ, ಮೂವರು ಕೈದಿಗಳು. ಯೇಸುವನ್ನು ಇಬ್ಬರು ಕಳ್ಳರ ನಡುವೆ ಶಿಲುಬೆಗೇರಿಸಿದ ಬೆಟ್ಟ ನೆನಪಾಗುವುದು ಸಹಜ. ಆದರೆ ಮೂರು ಎಂಬ ಸಂಖ್ಯೆ ಕಂಡ ಕೂಡಲೇ ಶಿಲುಬೆ ಎನ್ನತೊಡಗಿದರೆ ಯಾವ ಕವಿತೆಯಲ್ಲಿ ಬೇಕಾದರೂ ಅದನ್ನು ಕಾಣಬಹುದು. ಆದ್ದರಿಂದ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಆ ಒಂದು ಗುರುತಿನ ಜೊತೆಗೆ ಬೇರೆ ಗುರುತುಗಳೂ ಸೇರುತ್ತವೆಯೇ? ಸೇರುತ್ತವೆ: ಕಾವಲುಗಾರರು, ತಮಾಷೆ ಮಾಡುವ ಅಧಿಕಾರಿ, ನೋಡುತ್ತ ನಿಂತ ಜನ, ಎಲ್ಲವೂ ಸುವಾರ್ತೆಯ ದೃಶ್ಯಕ್ಕೆ ಹೊಂದುತ್ತವೆ. ಎರಡನೆಯದು, ಅದು ಶಿಲುಬೆಯ ನೆನಪೆಂದು ಒಪ್ಪಿಕೊಂಡರೆ ಪದ್ಯದ ಅರ್ಥ ಬದಲಾಗುತ್ತದೆಯೇ? ಬದಲಾಗುತ್ತದೆ. ಈ ಮೂವರಲ್ಲಿ ನಡುವಿನವನು ಯಾರೆಂದು ಕವಿ ಹೇಳುವುದಿಲ್ಲ. ಯಾರೊಬ್ಬನೂ ದೇವರ ಮಗನಲ್ಲ. ಮೂರನೆಯ ದಿನ ಏಳುವವರೂ ಇಲ್ಲ. ಆಡನ್ 1940ರ ಸುಮಾರಿಗೆ ಕ್ರೈಸ್ತ ಶ್ರದ್ಧೆಗೆ ಮರಳಿದ್ದ ಕವಿ. ಅಂಥವನು ಶಿಲುಬೆಯ ದೃಶ್ಯದಿಂದ ಉದ್ಧಾರದ ಭರವಸೆಯನ್ನು ಕಿತ್ತು, ಬರಿಯ ಶಿಕ್ಷೆಯನ್ನು ಉಳಿಸಿದ್ದಾನೆ. ಇದು ಸಾಮಾನ್ಯ ಮರಣದಂಡನೆಯ ಚಿತ್ರವಷ್ಟೇ ಎಂದು ಓದಿದರೂ ತಪ್ಪಿಲ್ಲ. ಎರಡೂ ಓದು ಒಟ್ಟಿಗೆ ನಿಲ್ಲುವುದರಲ್ಲೇ ಪದ್ಯದ ಬಲವಿದೆ: ನೋಡುತ್ತ ನಿಂತ ಸಭ್ಯ ಜನರಿಗೂ ತಾವು ನೋಡುತ್ತಿರುವುದು ಏನೆಂದು ಗೊತ್ತಿಲ್ಲ.

ಛಂದಸ್ಸೂ ಒಂದು ಸೂಚನೆಯಾಗಬಲ್ಲದು. ಗುರಾಣಿಯ ಚಿತ್ರಗಳಿರುವ ಐದು ಪದ್ಯಗಳು ಏಳು ಸಾಲಿನವು, ನಿರ್ದಿಷ್ಟ ಪ್ರಾಸದ ಹಳೆಯ ಬಂಧದವು. ಹದಿನಾಲ್ಕನೆಯ ಶತಮಾನದ ಚಾಸರ್, ಟ್ರಾಯ್ ಮುತ್ತಿಗೆಯ ಹಿನ್ನೆಲೆಯ ತನ್ನ ದೊಡ್ಡ ಪ್ರೇಮಕಾವ್ಯವನ್ನು ಬರೆದದ್ದು ಇದೇ ಬಂಧದಲ್ಲಿ. ಇಂದಿನ ಕನ್ನಡ ಕವಿಯೊಬ್ಬರು ಯುದ್ಧದ ಸುದ್ದಿಯನ್ನು ಭಾಮಿನಿ ಷಟ್ಪದಿಯಲ್ಲಿ ಬರೆದರೆ, ಗದುಗಿನ ನಾರಣಪ್ಪನ ಹೆಸರು ಹೇಳಬೇಕಾಗಿಲ್ಲ. ಕಿವಿಯೇ ಅವನನ್ನು ಕರೆತರುತ್ತದೆ. ಆಡನ್ ಮಾಡಿದ್ದೂ ಅದನ್ನೇ. ಮುಳ್ಳುತಂತಿ, ಅಂಕಿಅಂಶ, ಬೂಟುಗಳು ಬಂದದ್ದು ಟ್ರಾಯ್ ಕಥೆಯನ್ನು ಹಿಂದೊಮ್ಮೆ ಹೊತ್ತಿದ್ದ ನಡಿಗೆಯಲ್ಲಿ.

ಈ ಕವಿತೆಯ ಮೇಲೆ ಒಂದು ಆಕ್ಷೇಪವನ್ನು ಸುಲಭವಾಗಿ ಎತ್ತಬಹುದು. ಹಳೆಯ ಕಾಲ ಚಿನ್ನ, ಇಂದಿನದು ಕಸ ಎಂದು ಕವಿ ಹೇಳುತ್ತಿಲ್ಲವೇ? ಗುಲಾಮರನ್ನು ಇಟ್ಟುಕೊಂಡಿದ್ದ, ಗೆದ್ದ ಊರಿನ ಹೆಂಗಸರನ್ನು ಹಂಚಿಕೊಳ್ಳುತ್ತಿದ್ದ ಕಾಲವನ್ನು ಇಷ್ಟು ಚಂದ ಮಾಡಿ ತೋರಿಸುವುದು ಸರಿಯೇ? ಉತ್ತರ ಸಿಗುವುದು ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟಾಗ. ಥೆಟಿಸ್ ಹುಡುಕುವ ವಸ್ತುಗಳಲ್ಲಿ ಹೋಮರನ ಗುರಾಣಿಯ ಮೇಲೆ ನಿಜವಾಗಿ ಎಷ್ಟಿವೆ? ದ್ರಾಕ್ಷಿಯಿದೆ, ಕುಣಿತವಿದೆ, ಊರಿದೆ. ಅಮೃತಶಿಲೆಯಿಲ್ಲ. ಹಡಗಿಲ್ಲ. ಆಲಿವ್ ಮರವಿಲ್ಲ. ಕ್ರೀಡಾಕೂಟವಿಲ್ಲ, ಅದು ಬರುವುದು ಇಪ್ಪತ್ತಮೂರನೆಯ ಸರ್ಗದಲ್ಲಿ, ಪೆಟ್ರೋಕ್ಲಸನ ಉತ್ತರಕ್ರಿಯೆಯ ಸಂದರ್ಭದಲ್ಲಿ. ಹೂಮಾಲೆ ತೊಟ್ಟ ಕಡಸೂ ಇಲ್ಲ. ಕೊಯ್ಲಿನವರ ಊಟಕ್ಕೆ ಮರದಡಿಯಲ್ಲಿ ಒಂದು ಎತ್ತನ್ನು ಕಡಿಯುತ್ತಾರೆ, ಅಷ್ಟೆ. ಹೂಮಾಲೆಯ ಕಡಸು ಇಂಗ್ಲಿಷ್ ಓದುಗರಿಗೆ ಪರಿಚಿತವಾದದ್ದು ಹತ್ತೊಂಬತ್ತನೆಯ ಶತಮಾನದ ಕೀಟ್ಸ್ ಗ್ರೀಕ್ ಕಲಶದ ಮೇಲೆ ಬರೆದ ಪ್ರಸಿದ್ಧ ಕವಿತೆಯಿಂದ.

ಇನ್ನೂ ಮುಖ್ಯವಾದದ್ದು, ಹೋಮರನ ಗುರಾಣಿಯ ಮೇಲಿದ್ದ ಮುತ್ತಿಗೆ, ಹೊಂಚು, ಹೆಣ ಎಳೆದಾಡುವ ಮೃತ್ಯುದೇವತೆ, ಇವು ಯಾವುವೂ ಥೆಟಿಸಳ ಪಟ್ಟಿಯಲ್ಲಿಲ್ಲ. ಅವಳು ಹುಡುಕುತ್ತಿರುವುದು ಹೋಮರನ ಗ್ರೀಸನ್ನಲ್ಲ. ಪಠ್ಯಪುಸ್ತಕ, ವಸ್ತುಸಂಗ್ರಹಾಲಯ, ರಮ್ಯ ಕವಿತೆಗಳು ಸೇರಿ ಕಟ್ಟಿಕೊಟ್ಟ ಬಿಳಿಯ ಗ್ರೀಸನ್ನು. ಅಂದರೆ ಹೆಗಲ ಮೇಲಿಂದ ನೋಡುತ್ತಿರುವ ಆ ಕಣ್ಣು ನಮ್ಮದೂ ಹೌದು. ಮೂಲಕ್ಕೆ ಹೋಗಿ ಹೊಂದಿಸಿ ನೋಡದವರಿಗೆ ಇದು ತಿಳಿಯುವುದಿಲ್ಲ. ಅವರು ಕವಿಯನ್ನೇ ಭೂತಕಾಲದ ಭಕ್ತನೆಂದು ತಿಳಿದುಬಿಡುತ್ತಾರೆ.

ಕೊನೆಯ ಪದ್ಯ ಈ ಮಾತನ್ನು ಗಟ್ಟಿ ಮಾಡುತ್ತದೆ. ಅಲ್ಲಿಯವರೆಗೆ ಕವಿತೆಯೊಳಗೆ ‘ಅವಳು’, ‘ಅವನು’ ಎಂದಷ್ಟೇ ಇತ್ತು. ಕೊನೆಯಲ್ಲಿ ಮೂರೂ ಹೆಸರುಗಳು ಒಟ್ಟಿಗೆ ಬರುತ್ತವೆ, ಹೋಮರನ ಶೈಲಿಯ ವಿಶೇಷಣಗಳನ್ನು ಹೊತ್ತು. ಕಮ್ಮಾರ ತುಟಿ ಬಿಗಿದು ಕುಂಟುತ್ತ ಹೊರಟುಹೋಗುತ್ತಾನೆ. ಮೂಲದ ಅಂತಃಕರಣದ ಮಾತು ಇವನ ಬಾಯಲ್ಲಿಲ್ಲ. ಥೆಟಿಸ್ ಗಾಬರಿಯಿಂದ ಚೀರುತ್ತಾಳೆ. ಅವಳ ಮಗನನ್ನು ಕವಿ ಕರೆಯುವುದು ಗಟ್ಟಿಗ, ಉಕ್ಕಿನ ಎದೆಯವನು, ನರಹಂತಕ, ಹೆಚ್ಚು ಕಾಲ ಬದುಕದವನು ಎಂದು. ನರಹಂತಕ ಎಂಬ ವಿಶೇಷಣವನ್ನು ಹೋಮರ್ ಅಕಿಲೀಸನ ಕೈಗಳಿಗೆ ಬಳಸುತ್ತಾನೆ. ಇಲಿಯಡ್‌ನ ಕೊನೆಯ ಸರ್ಗದಲ್ಲಿ ಹೆಕ್ಟರನ ಮುದಿ ತಂದೆ ಪ್ರಿಯಾಮ್ ಮಗನ ಶವ ಬೇಡಲು ಬಂದು, ಮಗನನ್ನು ಕೊಂದ ಆ ಕೈಗಳಿಗೆ ಮುತ್ತಿಡುತ್ತಾನೆ. ಆಮೇಲೆ ಆ ಮುದುಕ ತನ್ನ ಮಗನಿಗಾಗಿ, ಅಕಿಲೀಸ್ ತನ್ನ ತಂದೆಗಾಗಿ, ಸ್ನೇಹಿತನಿಗಾಗಿ, ಇಬ್ಬರೂ ಒಟ್ಟಿಗೆ ಕೂತು ಅಳುತ್ತಾರೆ.

ಚಿಂದಿ ಬಟ್ಟೆಯ ಹುಡುಗ ಕೇಳಿಯೇ ಇರದ ಲೋಕ ಇದು. ಅಳುವವರ ಜೊತೆ ಅಳಿರಿ ಎಂಬ ಬೈಬಲ್ಲಿನ ಮಾತೂ ಆ ಜಾಗದಲ್ಲಿ ಕೇಳಿಸುತ್ತದೆ. ಗ್ರೀಕ್ ಕಾವ್ಯ, ಕ್ರೈಸ್ತ ಗ್ರಂಥ ಎರಡೂ ಅಲ್ಲಿ ಕೂಡುತ್ತವೆ. ಹಾಗಾಗಿ ಆಡನ್ ಹಳೆಯ ಲೋಕಕ್ಕೆ ಕೊಡುವ ಹೆಚ್ಚುಗಾರಿಕೆ ತೀರಾ ಸಣ್ಣದು. ಅಲ್ಲಿ ಕೊಲೆಗಾರರಿರಲಿಲ್ಲ ಎಂದು ಅವನು ಹೇಳುವುದಿಲ್ಲ. ಕವಿತೆ ಮುಗಿಯುವುದೇ ಒಬ್ಬ ಕೊಲೆಗಾರನ ಹೆಸರಿನ ಮೇಲೆ. ಅಲ್ಲಿನ ಕೊಲೆಗಾರನಿಗೆ ಶತ್ರುವಿನ ತಂದೆಯ ಎದುರು ಅಳುವುದು ಸಾಧ್ಯವಿತ್ತು ಎಂದಷ್ಟೇ ಹೇಳುತ್ತಾನೆ. ಜೊತೆಗೆ ಇನ್ನೊಂದು ಮಾತು: ಈ ಗುರಾಣಿ ಬೇಕೆಂದು ಕೇಳಿದವಳು ಥೆಟಿಸಳೇ. ಮಗನ ಮೇಲಿನ ಪ್ರೀತಿಯಿಂದಲೇ ಅವಳು ಆಯುಧ ಮಾಡಿಸಿದಳು. ಗುರಾಣಿಯ ಮೇಲೆ ಮೂಡಿದ ಲೋಕಕ್ಕೂ ತನಗೂ ಸಂಬಂಧವಿಲ್ಲ ಎನ್ನಲು ಅವಳಿಗೆ ಅವಕಾಶವಿಲ್ಲ.

ಗುರಾಣಿಯ ಮೇಲೆ ಭವಿಷ್ಯವನ್ನು ಕೊರೆಸಿದ ಕವಿ ಆಡನ್ನನೇ ಮೊದಲಿಗನಲ್ಲ. ರೋಮಿನ ವರ್ಜಿಲ್ ತನ್ನ ‘ಈನಿಯಡ್’ ಕಾವ್ಯದಲ್ಲಿ ಹೋಮರನನ್ನು ಅನುಸರಿಸಿ ನಾಯಕ ಈನಿಯಾಸನಿಗೂ ದೇವತೆಯ ಕುಲುಮೆಯಿಂದ ಗುರಾಣಿ ಕೊಡಿಸುತ್ತಾನೆ. ಅದರ ಮೇಲಿರುವುದು ರೋಮಿನ ಮುಂದಿನ ಚರಿತ್ರೆ. ನಡುವೆ ಕವಿಯ ಕಾಲದ ಚಕ್ರವರ್ತಿ ಅಗಸ್ಟಸನ ವಿಜಯ. ನಮ್ಮ ಪಂಪನೂ ಹತ್ತನೆಯ ಶತಮಾನದಲ್ಲಿ ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನ ಜೊತೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ. ಇವೆರಡರಲ್ಲೂ ಪುರಾಣ ವರ್ತಮಾನವನ್ನು ಎತ್ತಿ ಹಿಡಿಯುತ್ತದೆ. ಆಡನ್ನನಲ್ಲಿ ಅದೇ ಪುರಾಣ ವರ್ತಮಾನವನ್ನು ಅಳೆಯುವ ಕೋಲಾಗಿದೆ; ಆದರೆ ಆ ಕೋಲು ಸರಿಯಾಗಿದೆಯೇ ಎಂಬ ಅನುಮಾನವನ್ನೂ ಅವನು ಒಳಗೇ ಇಟ್ಟಿದ್ದಾನೆ. ಆಧುನಿಕ ಕವಿಗೆ ಪುರಾಣ ಬೇಕಾಗುವುದು ಹೆಚ್ಚಾಗಿ ಈ ಎರಡನೆಯ ರೀತಿಯಲ್ಲಿ.

ಆದ್ದರಿಂದ ಹೊಸ ಕವಿತೆಯೊಂದರಲ್ಲಿ ಹಳೆಯ ಹೆಸರು ಕಂಡಾಗ, ಇದು ಯಾರ ಕಥೆ ಎಂದು ತಿಳಿದು ಟಿಪ್ಪಣಿ ಬರೆದುಕೊಂಡರೆ ಕೆಲಸ ಅರ್ಧಕ್ಕೆ ನಿಂತಂತೆ. ಮೂಲದಲ್ಲಿದ್ದು ಇಲ್ಲಿ ಬಿಟ್ಟುಹೋದದ್ದು ಏನು, ಮೂಲದಲ್ಲಿಲ್ಲದೆ ಇಲ್ಲಿ ಸೇರಿದ್ದು ಏನು ಎಂದು ಕೇಳಬೇಕು. ಗೋಪಾಲಕೃಷ್ಣ ಅಡಿಗರ ‘ಶ್ರೀರಾಮನವಮಿಯ ದಿವಸ’ವನ್ನು ಹೀಗೆ ಓದಿ ನೋಡಬಹುದು. ಹಬ್ಬದ ಪಾನಕ ಕೋಸಂಬರಿಗಳ ಜೊತೆಗೇ ಆ ಕವಿತೆ ರಾಮನ ಕಥೆಯನ್ನು ನೆನೆಯುತ್ತದೆ. ಆದರೆ ಕೊನೆಯಲ್ಲಿ ಅದು ಬಂದು ನಿಲ್ಲುವುದು ರಾಮನ ಪರಾಕ್ರಮದ ಹತ್ತಿರವಲ್ಲ, ವಾಲ್ಮೀಕಿಯ ಹುತ್ತದ ಹತ್ತಿರ. ಅಡಿಗರ ಪ್ರಶ್ನೆ ಕಥಾನಾಯಕನನ್ನು ಕುರಿತದ್ದಲ್ಲ, ಅವನನ್ನು ಕಡೆದ ಮನಸ್ಸನ್ನು ಕುರಿತದ್ದು: ಅಂಥ ತಪಸ್ಸಿಲ್ಲದೆ ಅಂಥ ರೂಪ ಮತ್ತೆ ಮೂಡೀತೇ? ಆಡನ್ನನ ಕವಿತೆಯಲ್ಲೂ ಅಷ್ಟೇ ಮುಖ್ಯನಾದವನು ಗುರಾಣಿ ಹಿಡಿಯುವ ಅಕಿಲೀಸನಲ್ಲ, ಅದನ್ನು ಮಾಡುವ ಹೆಫೈಸ್ಟಸ್. ಅವನ ಕೈಚಳಕ ಹಿಂದಿನಷ್ಟೇ ಇದೆ, ಬೇಡಿದವಳ ಆಸೆಗೆ ತಕ್ಕ ಚಿತ್ರ ಕೊರೆಯಲು ಮಾತ್ರ ಅವನು ಒಪ್ಪುವುದಿಲ್ಲ. ಒಬ್ಬ ಕವಿ ಮಹಾಕಾವ್ಯವನ್ನು ನೆನೆದು ಅಂಥ ರೂಪವನ್ನು ಕಡೆಯುವ ಅರ್ಹತೆ ನಮಗಿದೆಯೇ ಎಂದು ಕೇಳಿದ. ಇನ್ನೊಬ್ಬ ಅದನ್ನೇ ನೆನೆದು, ಕಡೆಯುವವನು ಸುಳ್ಳು ಹೇಳದಿದ್ದರೆ ನಮ್ಮ ಕಾಲದ ರೂಪ ಹೀಗಿರುತ್ತದೆ ಎಂದು ತೋರಿಸಿದ.